ಹಳೆಯ ರಿಜಿಸ್ಟರ್ ಮುಚ್ಚುವುದು ಯಾವತ್ತು?

ಆಸ್ಪತ್ರೆಯೊಂದರ ಔಷಧ ಉಗ್ರಾಣಕ್ಕೆ ಹೊಸ ತಂತ್ರಾಂಶ ಬಂದು ತಿಂಗಳಾಗಿದೆ ಎಂದುಕೊಳ್ಳಿ. ತರಬೇತಿ ಮುಗಿದಿದೆ, ಹಾಜರಿ ಪಟ್ಟಿಯಲ್ಲಿ ಎಲ್ಲರ ಸಹಿಯೂ ಇದೆ. ಆದರೆ ನಮೂದುಗಳ ಸಮಯ ನೋಡಿದರೆ ಹೆಚ್ಚಿನವು ಸಂಜೆ ನಾಲ್ಕರ ಮೇಲಿನವು. ಅಂದರೆ ಹಗಲೆಲ್ಲ ಹಳೆಯ ರಿಜಿಸ್ಟರಿನಲ್ಲಿ ಬರೆದು, ಮನೆಗೆ ಹೊರಡುವ ಮುನ್ನ ಒಟ್ಟಿಗೆ ಟೈಪ್ ಮಾಡುತ್ತಿದ್ದಾರೆ. ಕೆಲಸ ಎರಡು ಪಟ್ಟಾಗಿದೆ. ಪರದೆ ಮೇಲಿನ ದಾಸ್ತಾನು ಮಾತ್ರ ಬೆಳಗಿನದು.

ಇದನ್ನು ಸಿಬ್ಬಂದಿಯ ಸೋಮಾರಿತನ ಎನ್ನುವುದು ಸುಲಭ. ನಿಜವಾದ ಕಾರಣ ಬೇರೆಯೇ ಇರುತ್ತದೆ. ತರಬೇತಿಯಲ್ಲಿ ಎಲ್ಲ ಮೆನುಗಳನ್ನೂ ತೋರಿಸಿದ್ದರು. ವಾರ್ಡಿನಿಂದ ಅರ್ಧ ಡಬ್ಬಿ ಮಾತ್ರೆ ವಾಪಸ್ ಬಂದರೆ ಏನು ಮಾಡಬೇಕು, ಬಿಲ್ಲಿನ ಬ್ಯಾಚ್ ಸಂಖ್ಯೆಗೂ ಡಬ್ಬಿಯ ಮೇಲಿನದಕ್ಕೂ ತಾಳೆಯಾಗದಿದ್ದರೆ ಏನು ಎಂಬುದನ್ನು ಯಾರೂ ಮಾಡಿಸಲಿಲ್ಲ. ದಿನವೂ ಕೈ ತಡೆಯುವುದು ಅಲ್ಲೇ. ಹಾಗಾಗಿ ತರಬೇತಿ ಹುದ್ದೆವಾರು ಇರಬೇಕು, ಚಾಲನೆಗೆ ಒಂದೆರಡು ವಾರ ಮೊದಲಷ್ಟೇ ನಡೆಯಬೇಕು, ಅಭ್ಯಾಸದ ಪ್ರತಿಯಲ್ಲಿ ಅದೇ ಉಗ್ರಾಣದ ಔಷಧಗಳ ಹೆಸರೇ ಇರಬೇಕು. ತಿಂಗಳುಗಟ್ಟಲೆ ಮೊದಲು ಕಲಿತದ್ದು ಕೌಂಟರಿಗೆ ಬರುವ ಹೊತ್ತಿಗೆ ಮರೆತಿರುತ್ತದೆ. ಮೊದಲ ಎರಡು ವಾರ ಕಂಪನಿಯ ಸಹಾಯವಾಣಿಗಿಂತ, ಪಕ್ಕದ ಕುರ್ಚಿಯಲ್ಲೇ ಕೂತ ಪಳಗಿದ ಸಹೋದ್ಯೋಗಿ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಆ ದಿನಗಳಲ್ಲಿ ಅವರ ಮಾಮೂಲಿ ಕೆಲಸವನ್ನು ಕಡಿಮೆ ಮಾಡಬೇಕು. ಇಲ್ಲದಿದ್ದರೆ ಅವರಿಗೂ ಬೇಸರ.

ಇಷ್ಟೆಲ್ಲ ಮಾಡಿದರೂ ರಿಜಿಸ್ಟರ್ ಮೇಜಿನ ಮೇಲಿದ್ದರೆ ಕೈ ಅದರ ಕಡೆಗೇ ಹೋಗುತ್ತದೆ. ನಮ್ಮ ‘ಭೂಮಿ’ ಯೋಜನೆಯನ್ನೇ ನೋಡಿ. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಗಣಕೀಕರಣಗೊಂಡವು. ಅಲ್ಲಿಯವರೆಗೆ ಪಹಣಿ ಬರೆದುಕೊಡುತ್ತಿದ್ದವರು ಗ್ರಾಮ ಲೆಕ್ಕಿಗರು. ತಾಲ್ಲೂಕಿನಲ್ಲಿ ಗಣಕ ಕೇಂದ್ರ ಶುರುವಾದ ಮೇಲೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಎಂದು ಸರ್ಕಾರ ಘೋಷಿಸಿತು. ಸಿಬ್ಬಂದಿಗೆ ತರಬೇತಿಯೂ ಇತ್ತು, ಆದರೆ ನನ್ನ ಪ್ರಕಾರ ಬಳಕೆಯನ್ನು ಗಟ್ಟಿ ಮಾಡಿದ್ದು ಆ ಘೋಷಣೆ. ಹಳೆಯ ದಾರಿಯಲ್ಲಿ ಹೋದರೆ ಕೆಲಸವೇ ಆಗುವುದಿಲ್ಲ ಎಂದಾಗ ರೈತರೂ ಕೇಂದ್ರಕ್ಕೇ ಬಂದರು, ನೌಕರರೂ ಅಲ್ಲೇ ಕೂತರು.

ಆದರೆ ಅವಸರದಲ್ಲಿ ಮುಚ್ಚುವುದೂ ಅಪಾಯ. ಪರದೆಯ ದಾಸ್ತಾನು ಕಪಾಟಿನ ದಾಸ್ತಾನಿಗೆ ಹೊಂದದಿದ್ದರೆ, ಕರೆಂಟು ಹೋದಾಗ ಬರೆದುಕೊಳ್ಳಲು ಅಚ್ಚಾದ ನಮೂನೆ ಇಲ್ಲದಿದ್ದರೆ, ಸಿಬ್ಬಂದಿ ಗುಟ್ಟಾಗಿ ನೋಟ್‌ಬುಕ್ ಇಡುತ್ತಾರೆ. ಅದು ರಿಜಿಸ್ಟರಿಗಿಂತ ಕೆಟ್ಟದ್ದು, ಯಾರ ಕಣ್ಣಿಗೂ ಬೀಳುವುದಿಲ್ಲ.

ನಿಮ್ಮ ಕಚೇರಿಗೂ ಹೊಸ ವ್ಯವಸ್ಥೆ ಬರುವುದಿದ್ದರೆ ತರಬೇತಿಯ ದಿನಾಂಕದ ಜೊತೆಗೆ ಇನ್ನೆರಡನ್ನು ಬರಹದಲ್ಲೇ ಕೇಳಿ ಪಡೆಯಿರಿ: ಹಳೆಯ ರಿಜಿಸ್ಟರ್ ಮುಚ್ಚುವ ದಿನ, ಮತ್ತು ಅದನ್ನು ಮುಚ್ಚಿಸುವ ಅಧಿಕಾರಿಯ ಹೆಸರು.