ನೂರು ಕುರ್ಚಿ, ನಾಲ್ಕು ಅಂಗಡಿ, ಎಷ್ಟು ಬಿಲ್?

ಮಂಗಳೂರಿನ ಅಂಗಡಿಯಿಂದ ಫೋನು. "ಕುರ್ಚಿ ಬಂತು ಮಾರಾಯ್ರೆ, ಹದಿನೈದೂ ಸರಿ ಉಂಟು. ಆದರೆ ಬಿಲ್ಲಿನಲ್ಲಿ ನೂರು ಅಂತ ಬರ್ದಿದ್ದಾರಲ್ಲ? ನಾನು ಎಷ್ಟಕ್ಕೆ ಸಹಿ ಹಾಕುವುದು?"

ನಾನು ಲೆಕ್ಕ ನೋಡಿಕೊಳ್ಳುವ ಬಟ್ಟೆ ಅಂಗಡಿಗಳ ಸಂಸ್ಥೆಗೆ ನಾಲ್ಕು ಶಾಖೆಗಳಿವೆ: ಜಯನಗರ, ಹುಬ್ಬಳ್ಳಿ, ಮಂಗಳೂರು ಮತ್ತು ಗಡಿಯಾಚೆಯ ಹೊಸೂರು. ದರ ಇಳಿಯಲಿ ಅಂತ ನೂರು ಕುರ್ಚಿಗೂ ಒಟ್ಟಿಗೇ ಆರ್ಡರ್ ಕೊಟ್ಟಿದ್ದೆವು. ಸಾಗಣೆ ಸೇರಿ ಕುರ್ಚಿಗೆ 3,000 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ. ಆರ್ಡರ್ ಒಂದೇ ಇದ್ದದ್ದರಿಂದ ಮಾರಿದವರು ಬಿಲ್ಲನ್ನೂ ಒಂದೇ ಮಾಡಿದರು: 3,54,000 ರೂಪಾಯಿ, ಜಯನಗರದ ವಿಳಾಸಕ್ಕೆ. ನಾಲ್ಕೂ ಗಾಡಿಗೆ ಅದರದೇ ಜೆರಾಕ್ಸ್. ಗಾಡಿಯಲ್ಲಿ ಹದಿನೈದು ಕುರ್ಚಿ, ಕಾಗದದಲ್ಲಿ ನೂರು. ದಾರಿಯಲ್ಲಿ ಯಾರೂ ತಡೆದು ಕೇಳದಿದ್ದದ್ದು ಪುಣ್ಯ.

ತಪ್ಪು ಅವರದಲ್ಲ, ನಮ್ಮದೇ. ಬಿಲ್ ಹೇಗೆ ಒಡೆಯಬೇಕು ಅಂತ ನಾವು ಹೇಳಿಯೇ ಇರಲಿಲ್ಲ.

ಬಿಲ್ ಒಡೆದು ಕೊಡಿ ಅನ್ನುವ ಮೊದಲು, ಯಾಕೆ ಒಡೆಯಬೇಕು ಅನ್ನುವುದು ಕೇಳುವವರಿಗೆ ಗೊತ್ತಿರಬೇಕು. ಕೆಲವು ಕಡೆ ಕಾನೂನು ಒಡೆಸುತ್ತದೆ, ಕೆಲವು ಕಡೆ ಗಾಡಿ ಒಡೆಸುತ್ತದೆ, ಇನ್ನು ಕೆಲವು ಕಡೆ ಬರೀ ನಮ್ಮ ಲೆಕ್ಕದ ಅನುಕೂಲ. ಮೂರನ್ನೂ ಕಲಸಿದರೆ ಬೇಡದ ಕಡೆ ಹತ್ತು ಬಿಲ್ ಬರುತ್ತದೆ, ಬೇಕಾದ ಕಡೆ ಒಂದೂ ಇರುವುದಿಲ್ಲ.

ಕಾನೂನು ಒಡೆಸುವುದು ಹೊಸೂರಿನದ್ದನ್ನು. ಜಿಎಸ್‌ಟಿ ನಂಬರಿನ ಹದಿನೈದು ಅಕ್ಷರಗಳಲ್ಲಿ ಮೊದಲ ಎರಡು ಅಂಕಿ ರಾಜ್ಯದ ಗುರುತು. ಕರ್ನಾಟಕಕ್ಕೆ 29, ತಮಿಳುನಾಡಿಗೆ 33. ಜಯನಗರ, ಹುಬ್ಬಳ್ಳಿ, ಮಂಗಳೂರು ಮೂರೂ ನಮ್ಮ 29ರ ನಂಬರಿನಡಿ ಬರುತ್ತವೆ. ಹೊಸೂರಿನ ಅಂಗಡಿ ಮಾತ್ರ 33ರದು. ಮಾಲೀಕರು ಒಬ್ಬರೇ ಆದರೂ ಕಾನೂನಿನ ಕಣ್ಣಿಗೆ 29 ಮತ್ತು 33 ಎರಡು ಬೇರೆ ವ್ಯಕ್ತಿಗಳು. ಹೊಸೂರಿನ ಇಪ್ಪತ್ತು ಕುರ್ಚಿಯನ್ನು 29ಕ್ಕೆ ಬಿಲ್ ಮಾಡಿದರೆ ಅದರ 10,800 ರೂಪಾಯಿ ತೆರಿಗೆ ಕರ್ನಾಟಕದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿಯಾಗಿ ಬೀಳುತ್ತದೆ. ಆ ಬಿಲ್ ತನ್ನ ಹೆಸರಿನಲ್ಲಿಲ್ಲವಾದ್ದರಿಂದ ಹೊಸೂರು ಅದರ ಕ್ರೆಡಿಟ್ ತೆಗೆದುಕೊಳ್ಳುವಂತಿಲ್ಲ. ಸರಿಮಾಡಲು ಬೆಂಗಳೂರಿನವರು ತಮ್ಮದೇ ಹೊಸೂರು ಅಂಗಡಿಗೆ ಇನ್ನೊಂದು ಬಿಲ್ ಹಾಕಬೇಕು. ಒಂದೇ ಮನೆಯೊಳಗೆ ಅಣ್ಣ ತಮ್ಮನಿಗೆ ಬಿಲ್ ಕೊಟ್ಟ ಹಾಗೆ! ಮಾರುವವರೇ ನೇರವಾಗಿ 33ಕ್ಕೆ ಐಜಿಎಸ್‌ಟಿ ಹಾಕಿ ಬಿಲ್ ಕೊಟ್ಟಿದ್ದರೆ ಇಷ್ಟು ರಾಮಾಯಣ ಇರುತ್ತಿರಲಿಲ್ಲ.

ಹುಬ್ಬಳ್ಳಿ, ಮಂಗಳೂರಿನ ಮಾತು ಬೇರೆ. ನಂಬರ್ ಒಂದೇ ಆದ್ದರಿಂದ ತೆರಿಗೆ ಎಲ್ಲೂ ತಪ್ಪುವುದಿಲ್ಲ. ಆದರೆ ಗಾಡಿ ಬೇರೆ, ದಾರಿ ಬೇರೆ, ಸಾಮಾನು ಎಣಿಸಿ ಇಳಿಸಿಕೊಳ್ಳುವವರು ಬೇರೆ. ಹಾಗಾಗಿ ಪ್ರತಿ ಗಾಡಿಗೂ ಅದರ ಸರಕಿನಷ್ಟೇ ಬಿಲ್ ಇರುವುದು ಕ್ಷೇಮ. ಇ-ವೇ ಬಿಲ್ಲಿನ ಲೆಕ್ಕವೂ ಇಲ್ಲೇ ಬರುತ್ತದೆ. ಮಂಗಳೂರಿನ ಹದಿನೈದು ಕುರ್ಚಿಗೆ 45,000 ರೂಪಾಯಿ. ಮಿತಿ 50,000 ಅಲ್ಲವೇ, ಇದಕ್ಕೆ ಬೇಡ ಅಂದುಕೊಂಡರೆ ಎಡವಿದ ಹಾಗೆ. ಸರಕಿನ ಬೆಲೆಗೆ ತೆರಿಗೆಯನ್ನೂ ಸೇರಿಸಿಯೇ ನೋಡಬೇಕು. 8,100 ಸೇರಿದರೆ 53,100 ಆಗುತ್ತದೆ, ಇ-ವೇ ಬಿಲ್ ಬೇಕೇ ಬೇಕು.

ಬಿಲ್ಲಿನಲ್ಲಿ ಎರಡು ವಿಳಾಸದ ಚೌಕಗಳಿರುವುದು ಇದಕ್ಕೇ. ಟ್ಯಾಲಿಯಲ್ಲಿ ಮಾಡಿದ ಬಿಲ್ ನೋಡಿದರೆ ಮೇಲೆ `Consignee (Ship to)`, ಕೆಳಗೆ `Buyer (Bill to)` ಅಂತ ಇರುತ್ತದೆ. ಹುಬ್ಬಳ್ಳಿಯ ಬಿಲ್ಲಿನಲ್ಲಿ ಕೆಳಗೆ ಜಯನಗರ, ಮೇಲೆ ಹುಬ್ಬಳ್ಳಿ ಇದ್ದರೆ ಸರಿ. ಹೊಸೂರಿನದರಲ್ಲಿ ಎರಡೂ ಕಡೆ ಹೊಸೂರೇ ಇರಬೇಕು. ಮೇಲಿನ ಚೌಕದಲ್ಲಿ ಮಾತ್ರ ಹೊಸೂರು ಬರೆದು ಕೆಳಗೆ ಜಯನಗರ ಬಿಟ್ಟರೆ ಪುನಃ ಅದೇ ತೊಂದರೆ. ಕಾನೂನು ನೋಡುವುದು ಸಾಮಾನು ಎಲ್ಲಿ ಇಳಿಯಿತು ಅನ್ನುವುದನ್ನಲ್ಲ, ಯಾರ ಹೇಳಿಕೆಯ ಮೇಲೆ ಇಳಿಯಿತು ಅನ್ನುವುದನ್ನು.

ಇನ್ನು ಕಾಸ್ಟ್ ಸೆಂಟರ್. ಖರ್ಚು ಯಾವ ವಿಭಾಗದ ತಲೆಗೆ ಅಂತ ನಾವೇ ಇಟ್ಟುಕೊಂಡ ಗುರುತು ಅದು. ಜಿಎಸ್‌ಟಿಗೆ ಅದರ ಗೊಡವೆಯಿಲ್ಲ. ಜಯನಗರದ ನಲವತ್ತು ಕುರ್ಚಿಯಲ್ಲಿ ಇಪ್ಪತ್ತಾರು ಮಾರಾಟ ವಿಭಾಗಕ್ಕೆ, ಹದಿನಾಲ್ಕು ಮೇಲಿನ ಮಹಡಿಯ ಆಫೀಸಿಗೆ. ಇದಕ್ಕೆ ಎರಡು ಬಿಲ್ ಕೇಳುವವರನ್ನು ಕಂಡಿದ್ದೇನೆ. ನನಗದು ದಂಡದ ಕೆಲಸ ಅನ್ನಿಸುತ್ತದೆ. ಒಂದೇ ಬಿಲ್ಲಿನಲ್ಲಿ ಎರಡು ಸಾಲು ಬರೆಸಿ, ಪ್ರತಿ ಸಾಲಿನ ವಿವರದಲ್ಲಿ ನಮ್ಮ ಕೋಡ್ ಹಾಕಿಸಿದರೆ ಮುಗಿಯಿತು: 78,000 ಒಂದಕ್ಕೆ, 42,000 ಇನ್ನೊಂದಕ್ಕೆ. ಕೋಡನ್ನು ಬಾಯಲ್ಲಿ ಹೇಳಬಾರದು, ಆರ್ಡರಿನಲ್ಲೇ ಅಚ್ಚಾಗಿರಬೇಕು. ಮಾರುವವರಿಗೆ ಅದರ ಅರ್ಥ ಗೊತ್ತಿರಬೇಕಿಲ್ಲ, ನೋಡಿ ನಕಲು ಮಾಡಿದರೆ ಸಾಕು.

ಮುಂದಿನ ಆರ್ಡರಿನ ಕೆಳಗೆ ನಾನು ಬರೆದದ್ದು ಇಷ್ಟೇ:

"ದರ ಒಟ್ಟು ನೂರು ಕುರ್ಚಿಯ ಲೆಕ್ಕದ್ದು, ಬಿಲ್ ಒಡೆದರೂ ಬದಲಾಗುವುದಿಲ್ಲ. ಬಿಲ್ ನಾಲ್ಕು ಬೇಕು. ಜಯನಗರ 40, ಹುಬ್ಬಳ್ಳಿ 25, ಮಂಗಳೂರು 15: ಮೂರೂ ನಮ್ಮ ಕರ್ನಾಟಕದ ಜಿಎಸ್‌ಟಿ ನಂಬರಿಗೆ, ತಲುಪಿಸುವ ವಿಳಾಸ ಆಯಾ ಅಂಗಡಿಯದು. ಹೊಸೂರು 20: ತಮಿಳುನಾಡಿನ ನಂಬರಿಗೆ, ಐಜಿಎಸ್‌ಟಿ. ಪ್ರತಿ ಬಿಲ್ಲಿನಲ್ಲೂ ಈ ಆರ್ಡರ್ ನಂಬರ್, ಪ್ರತಿ ಸಾಲಿನಲ್ಲೂ ಕಾಸ್ಟ್ ಸೆಂಟರ್ ಕೋಡ್ ಇರಲಿ. ಮೊದಲು ಕರಡು ಬಿಲ್ ಕಳಿಸಿ, ನಾವು ಒಪ್ಪಿದ ಮೇಲೆ ಸರಕು ಹೊರಡಲಿ."

ಮೊದಲ ವಾಕ್ಯವನ್ನು ಮರೆಯಬಾರದು. ಇಲ್ಲದಿದ್ದರೆ ಹದಿನೈದರ ಬಿಲ್ಲಿಗೆ ಹದಿನೈದರ ದರವೇ ಬೀಳುವುದುಂಟು. ಕೊನೆಯ ವಾಕ್ಯಕ್ಕೂ ಕಾರಣವಿದೆ. ವರ್ಷಕ್ಕೆ ಐದು ಕೋಟಿ ಮೀರಿದ ವಹಿವಾಟಿನವರು ಇ-ಇನ್‌ವಾಯ್ಸ್ ಮಾಡಲೇಬೇಕು. ಒಮ್ಮೆ ಪೋರ್ಟಲ್‌ನಲ್ಲಿ ನೋಂದಾಯಿಸಿದ ಬಿಲ್ಲನ್ನು ಅಲ್ಲಿ ತಿದ್ದಲಾಗುವುದಿಲ್ಲ. ಇಪ್ಪತ್ತನಾಲ್ಕು ಗಂಟೆಯೊಳಗೆ ರದ್ದು ಮಾಡಬಹುದು, ಅದೂ ಅದರ ಇ-ವೇ ಬಿಲ್ ಚಾಲ್ತಿಯಲ್ಲಿದ್ದರೆ ಮೊದಲು ಅದನ್ನು ರದ್ದು ಮಾಡಿ. ಗಡುವು ದಾಟಿದರೆ ಕ್ರೆಡಿಟ್ ನೋಟೇ ಗತಿ.

ನಮ್ಮ ಆ ಮೊದಲ ಬಿಲ್ಲಿಗೆ ಆದದ್ದೂ ಅದೇ. ಫೋನು ಬಂದಾಗಲೇ ನಾಲ್ಕು ದಿನ ಕಳೆದಿತ್ತು. ಪೂರ್ತಿ ಬಿಲ್ಲನ್ನು ವಾಪಸ್ ತೆಗೆಸಿ ನಾಲ್ಕು ಹೊಸದು ಮಾಡಿಸೋಣ ಅಂತ ಮಾಲೀಕರು ಹಟ ಹಿಡಿದರು. ನಾನು ಬೇಡವೆಂದೆ. ಹೊಸೂರಿನ ಇಪ್ಪತ್ತು ಕುರ್ಚಿಗೆ ಮಾತ್ರ 70,800 ರೂಪಾಯಿಯ ಕ್ರೆಡಿಟ್ ನೋಟ್ ತರಿಸಿ, ಅಷ್ಟಕ್ಕೇ 33ರ ನಂಬರಿಗೆ ಹೊಸ ಬಿಲ್ ಮಾಡಿಸಿದೆವು. ಉಳಿದ ಎಂಬತ್ತು ಕುರ್ಚಿಗೆ ತೆರಿಗೆ ಸರಿಯಾಗಿಯೇ ಇತ್ತು, ಗಾಡಿಗಳೂ ತಲುಪಿಯಾಗಿತ್ತು. ಅದನ್ನು ಮೂರು ಅಂಗಡಿಗೆ ಹಂಚುವುದು ನಮ್ಮ ಪುಸ್ತಕದೊಳಗಿನ ಕೆಲಸ. ಮಂಗಳೂರಿನವರಿಗೆ ಹದಿನೈದು ಕುರ್ಚಿ ಬಂದಿದೆಯೆಂದು ಬರೆದು ಅಷ್ಟಕ್ಕೇ ಸಹಿ ಹಾಕಿ ಅಂದೆ.

ಈಗ ಪ್ರತಿ ತಿಂಗಳು 14ರಂದು ಪೋರ್ಟಲ್‌ನಲ್ಲಿ `GSTR-2B` ಬಂದ ಕೂಡಲೇ 29ರ ಲಾಗಿನ್, 33ರ ಲಾಗಿನ್ ಎರಡನ್ನೂ ತೆರೆದು ನೋಡುತ್ತೇನೆ. ಎರಡನೇ ಆರ್ಡರಿನ ಮೂರು ಬಿಲ್ ಅಲ್ಲಿ, ಒಂದು ಇಲ್ಲಿ ಸಿಕ್ಕಿದವು. ಆದರೆ ಆ ಪಟ್ಟಿಯಲ್ಲಿ ಮಾರಿದವರ ನಂಬರ್, ಬಿಲ್ ನಂಬರ್, ತಾರೀಖು, ಮೊತ್ತ ಇಂಥವು ಇರುತ್ತವೆಯೇ ಹೊರತು ಹುಬ್ಬಳ್ಳಿಯದು ಯಾವುದು, ಮಂಗಳೂರಿನದು ಯಾವುದು ಅಂತ ಇರುವುದಿಲ್ಲ. ಅದಕ್ಕೇ ಕರಡು ಒಪ್ಪಿದ ದಿನವೇ ಬಿಲ್ ನಂಬರಿನ ಮುಂದೆ ಅಂಗಡಿಯ ಹೆಸರನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತೇನೆ.