ಕಳಿಸುವ ಮುನ್ನ ಹಿಂದಿನಿಂದ ಓದಿ

ಕರಡು ತಿದ್ದಿ ಹಿಂದಿರುಗಿಸುವಾಗ ಬರೆಯುವ ಮೂರು ಸಾಲಿನ ಇಮೇಲ್‌ನಲ್ಲೇ ತಪ್ಪು ಉಳಿಯುವುದುಂಟು. ಏನು ಬರೆದಿದ್ದೇವೆಂಬುದು ಮನಸ್ಸಿಗೆ ಮೊದಲೇ ಗೊತ್ತು. ಕಣ್ಣು ಪರದೆಯಲ್ಲಿ ಇರದ ಅಕ್ಷರವನ್ನೂ ತುಂಬಿಕೊಂಡು ಮುಂದೆ ಹೋಗುತ್ತದೆ.

ಈ ಸಾಲುಗಳನ್ನು ನೋಡಿ: ‘ತಾವು ಕಳಿಸಿದ ಕಡತಗಳು ಬಂದಿದೆ. ತಿದ್ದಿದ ಪ್ರತಿ ಲಗತಿಸಿದ್ದೇನೆ. ಸೋಮವಾರದೊಳಗೆ ನಿಮ್ಮ ಒಪ್ಪಿಗೆ ತಿಳಿಸಿ.’

ಮೊದಲು ತುಟಿಯಾಡಿಸಿ, ಎದುರಿಗೆ ಕೂತವರಿಗೆ ಹೇಳುವಷ್ಟು ನಿಧಾನವಾಗಿ ಓದಿ. ‘ಕಡತಗಳು ಬಂದಿದೆ’ ಎಂಬಲ್ಲಿ ಕಿವಿ ತಡೆಯುತ್ತದೆ, ‘ಬಂದಿವೆ’ ಆಗಬೇಕು. ‘ತಾವು’ ಎಂದು ಶುರುವಾದದ್ದು ‘ನಿಮ್ಮ’ ಆದದ್ದೂ ಕೇಳಿಸುತ್ತದೆ. ಆದರೆ ‘ಲಗತಿಸಿದ್ದೇನೆ’ ತಪ್ಪಿಸಿಕೊಳ್ಳಬಹುದು, ಏಕೆಂದರೆ ಅಭ್ಯಾಸಬಲದಿಂದ ನಾಲಿಗೆಯೇ ಒತ್ತಕ್ಷರ ಸೇರಿಸಿಬಿಡುತ್ತದೆ.

ಅದಕ್ಕೇ ಎರಡನೇ ಓದು. ಕೊನೆಯ ಪದದಿಂದ ಹಿಂದಕ್ಕೆ, ಒಂದೊಂದೇ ಪದದ ಮೇಲೆ ಬೆರಳಿಟ್ಟು ಬನ್ನಿ: ತಿಳಿಸಿ, ಒಪ್ಪಿಗೆ, ನಿಮ್ಮ, ಸೋಮವಾರದೊಳಗೆ, ಲಗತಿಸಿದ್ದೇನೆ. ಅರ್ಥದ ಓಟ ಮುರಿದಾಗ ಪದ ಒಂಟಿಯಾಗಿ ನಿಲ್ಲುತ್ತದೆ, ಬಿಟ್ಟುಹೋದ ಒತ್ತು ಕಾಣುತ್ತದೆ. ವಿಳಾಸದ ಸಾಲಿನ ಹೆಸರನ್ನೂ ಹೀಗೆಯೇ ನೋಡುವುದು ಒಳ್ಳೆಯದು. ಹೆಸರು ತಪ್ಪಾದರೆ ಓದುವವರಿಗೆ ನಿಜಕ್ಕೂ ನೋವಾಗುತ್ತದೆ.

ಉದ್ದನೆಯ ಪತ್ರಕ್ಕೆ ಪದದ ಬದಲು ವಾಕ್ಯವಾರು ಹಿಂದಕ್ಕೆ ಓದಿದರೆ ಸಾಕು. ಸೋಮವಾರವೇ ಸರಿಯಾದ ಗಡುವೇ, ಲಗತ್ತು ನಿಜಕ್ಕೂ ಸೇರಿದೆಯೇ ಎಂಬುದನ್ನು ಮಾತ್ರ ಯಾವ ಓದೂ ಹೇಳದು. ಕ್ಯಾಲೆಂಡರ್ ನೋಡಿ, ಲಗತ್ತನ್ನು ಒಮ್ಮೆ ತೆರೆದು, ಆಮೇಲೆ ಕಳಿಸಿ.