ಅಮ್ಮನಿಗಾಗಿ ದಿನಕ್ಕೆ ಮೂರು ಗಂಟೆ

"ನನ್ನ ತಾಯಿಗೆ ಹುಷಾರಿಲ್ಲದ ಕಾರಣ ಕೆಲವು ದಿನಗಳ ಮಟ್ಟಿಗೆ ಕೆಲಸದ ಅವಧಿ ಕಡಿಮೆ ಮಾಡಿಕೊಡಬೇಕಾಗಿ ವಿನಂತಿ."

ಕಚೇರಿಗಳಿಗೆ ಬರುವ ಇಂಥ ಅರ್ಜಿಗಳಲ್ಲಿ ಹೆಚ್ಚಿನವು ಈ ಒಂದೇ ಸಾಲಿನಲ್ಲಿ ಮುಗಿಯುತ್ತವೆ. ಬರೆದವರ ಸಂಕಟ ನಿಜವೇ. ಆದರೆ ಓದುವ ವ್ಯವಸ್ಥಾಪಕರಿಗೆ ಬೇಕಾದ ಯಾವ ಉತ್ತರವೂ ಇದರಲ್ಲಿಲ್ಲ. ಕೆಲವು ದಿನ ಎಂದರೆ ಎಷ್ಟು? ಎಷ್ಟು ಹೊತ್ತು ಕಡಿಮೆ? ಸಂಬಳದ ಗತಿ ಏನು? ಉತ್ತರ ಸಿಗದಾಗ ಅವರು "ಸದ್ಯಕ್ಕೆ ರಜೆ ಹಾಕಿಕೊಳ್ಳಮ್ಮ, ಆಮೇಲೆ ನೋಡೋಣ" ಎಂದುಬಿಡುತ್ತಾರೆ. ಎರಡು ವಾರದಲ್ಲಿ ರಜೆ ಮುಗಿಯುತ್ತದೆ, ಅಮ್ಮ ಇನ್ನೂ ಹಾಸಿಗೆಯಲ್ಲೇ ಇರುತ್ತಾರೆ.

ಭಾರತದ ಖಾಸಗಿ ನೌಕರರಿಗೆ ತಂದೆತಾಯಿಯ ಆರೈಕೆಗೆಂದು ವಾರದ ಗಂಟೆ ಇಳಿಸಿಕೊಳ್ಳುವ ಹಕ್ಕನ್ನು ಯಾವ ಕಾನೂನೂ ಕೊಟ್ಟಿಲ್ಲ. ಹೆತ್ತವರನ್ನು ಸಾಕುವುದು ಮಕ್ಕಳ ಹೊಣೆ ಎಂದು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಹೇಳುತ್ತದೆ. ಆ ಹೊಣೆ ಹೊರಲು ಬೇಕಾದ ಸಮಯದ ಮಾತು ಅದರಲ್ಲಿಲ್ಲ. ಜರ್ಮನಿಯಲ್ಲಿ ನೆಲೆಸಿರುವ ಕನ್ನಡಿಗರ ಸ್ಥಿತಿ ಬೇರೆ. ಅಲ್ಲಿ 25ಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಯ ನೌಕರರು, ತಮ್ಮೊಂದಿಗಿರುವ ತಂದೆತಾಯಿಗೆ ಆರೈಕೆ ಬೇಕೆಂಬ ದೃಢೀಕರಣ ಸಿಕ್ಕರೆ, ಗರಿಷ್ಠ 24 ತಿಂಗಳು ಗಂಟೆ ಇಳಿಸಿಕೊಳ್ಳಬಹುದು. ವಾರಕ್ಕೆ ಕನಿಷ್ಠ 15 ಗಂಟೆ ದುಡಿದರೆ ಸಾಕು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿದ ಮೊದಲ ದಿನವೇ ಇಂಥ ಅರ್ಜಿ ಕೊಡಬಹುದು, ಮಾಲೀಕರು ಎರಡು ತಿಂಗಳೊಳಗೆ ತೀರ್ಮಾನ ತಿಳಿಸಬೇಕು. ನಮ್ಮಲ್ಲಿ ಇದು ಇಬ್ಬರ ನಡುವಿನ ಒಪ್ಪಂದ ಮಾತ್ರ. ಹಾಗಾಗಿ ಕಾನೂನು ಹೇಳದಿರುವುದನ್ನೆಲ್ಲ ಅರ್ಜಿಯೇ ಹೇಳಬೇಕಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಬೆಂಗಳೂರಿನ ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಒಂದು ಕಂಪನಿ. ಅಲ್ಲಿನ ಅಕೌಂಟ್ಸ್ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಇರುವ ಮಹಿಳೆ. ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ, ಒಟ್ಟು 48. ಸಂಬಳ 36,000 ರೂಪಾಯಿ, ಅದರಲ್ಲಿ ಮೂಲವೇತನ 18,000. ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ, ಆಪರೇಷನ್ ಆಗಿದೆ. ಬೆಳಿಗ್ಗೆ ಎಬ್ಬಿಸಿ ಕೂರಿಸಬೇಕು, ಸ್ನಾನ ಮಾಡಿಸಬೇಕು, ಫಿಸಿಯೋಥೆರಪಿಯವರು ಬಂದಾಗ ಜೊತೆಗಿದ್ದು ವಾಕರ್ ಹಿಡಿಸಿ ನಡೆಸಬೇಕು. ಮಧ್ಯಾಹ್ನ ಊಟ ಮಾಡಿ ಅವರು ಮಲಗಿದ ಮೇಲೆ ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ. ಅಂದರೆ ಕಷ್ಟವಿರುವುದು ಬೆಳಗಿನ ಹೊತ್ತಿಗೆ ಮಾತ್ರ.

ಇದನ್ನು ಗುರುತಿಸಿಕೊಂಡರೆ ಅರ್ಜಿಯ ಮೊದಲ ಸಾಲು ತಾನಾಗಿ ಹುಟ್ಟುತ್ತದೆ: "ಜೂನ್ 29ರ ಸೋಮವಾರದಿಂದ ಸೆಪ್ಟೆಂಬರ್ 19ರ ಶನಿವಾರದವರೆಗೆ, ಹನ್ನೆರಡು ವಾರ, ಮಧ್ಯಾಹ್ನ 1ರಿಂದ 6ರವರೆಗೆ ಕೆಲಸ ಮಾಡಲು ಅನುಮತಿ ಕೋರುತ್ತೇನೆ. ಸೆಪ್ಟೆಂಬರ್ 21ರಿಂದ ಇದೇ ಹುದ್ದೆಯಲ್ಲಿ, ಇದೇ ಸಂಬಳದಲ್ಲಿ, ಮೊದಲಿನಂತೆ 48 ಗಂಟೆಗೆ ಮರಳುತ್ತೇನೆ." ಆರನೇ ವಾರ ಮುಗಿದಾಗ ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡುತ್ತೇವೆ ಎಂದಿದ್ದರೆ, ಆಗಸ್ಟ್ 10ರ ವಾರದಲ್ಲಿ ಕೂತು ಮಾತಾಡೋಣ ಎಂದೂ ಸೇರಿಸಬಹುದು. ಮರಳುವ ದಿನಾಂಕವಿಲ್ಲದ ಅರ್ಜಿಯನ್ನು ಕಂಡರೆ ಮಾಲೀಕರಿಗೆ ಭಯ. ನೌಕರರಿಗೂ ಅದು ಒಳ್ಳೆಯದಲ್ಲ, ಹಳೆಯ ಕುರ್ಚಿ ತಮ್ಮದೇ ಎನ್ನಲು ಕೈಯಲ್ಲಿ ಕಾಗದ ಇರುವುದಿಲ್ಲ.

ಸೆಪ್ಟೆಂಬರ್ 21 ಯಾಕೆ? ಟ್ಯಾಕ್ಸ್ ಆಡಿಟ್ ವರದಿಗೆ ಸಾಮಾನ್ಯ ಗಡುವು ಸೆಪ್ಟೆಂಬರ್ 30. ಅಕೌಂಟ್ಸ್ ಮುಖ್ಯಸ್ಥರ ಕಣ್ಣು ಮೊದಲು ಹೋಗುವುದೇ ಆ ದಿನಾಂಕಕ್ಕೆ. ತಿಂಗಳೊಳಗೂ ಹೀಗೇ. ಟಿಡಿಎಸ್ ಕಟ್ಟಲು 7, ಜಿಎಸ್‌ಟಿಆರ್-1ಕ್ಕೆ 11, ಪಿಎಫ್‌ಗೆ 15, ಜಿಎಸ್‌ಟಿಆರ್-3ಬಿಗೆ 20. "ಈ ಗಡುವುಗಳ ದಿನ ಪೂರ್ತಿ ಎಂಟು ಗಂಟೆ ಬರುತ್ತೇನೆ, ಆ ಬೆಳಗಿಗೆ ತಂಗಿ ಬರುತ್ತಾಳೆ, ಹೆಚ್ಚಿಗೆ ದುಡಿದ ಗಂಟೆಗಳನ್ನು ಅದೇ ವಾರ ಹೊಂದಿಸಿಕೊಳ್ಳುತ್ತೇನೆ" ಎಂಬ ಮಾತು ಅರ್ಜಿಯಲ್ಲಿದ್ದರೆ, ಬೇಡ ಎನ್ನಲು ಇರುವ ದೊಡ್ಡ ಕಾರಣವೇ ಹೋಗುತ್ತದೆ. ತಾಯಿಯ ಕಾಯಿಲೆಯ ವಿವರಕ್ಕೆ ಎರಡು ಸಾಲು ಮತ್ತು ಡಿಸ್ಚಾರ್ಜ್ ಸಮ್ಮರಿಯ ಪ್ರತಿ ಸಾಕು. ಕೆಲಸದ ವಿವರಕ್ಕೆ ಹೆಚ್ಚು ಜಾಗ ಕೊಡಬೇಕು.

ಇನ್ನು ದುಡ್ಡು. ಜನ ಎಡವುವುದು ಹೆಚ್ಚಾಗಿ ಇಲ್ಲೇ.

ವಾರಕ್ಕೆ 18 ಗಂಟೆಯಂತೆ ಹನ್ನೆರಡು ವಾರಕ್ಕೆ ಕಡಿಮೆಯಾಗುವುದು 216 ಗಂಟೆ, ಅಂದರೆ 27 ದಿನದ ಕೆಲಸ. ಆಕೆಯ ಖಾತೆಯಲ್ಲಿ 20 ದಿನದ ಗಳಿಕೆ ರಜೆ ಇದೆ ಎಂದಿಟ್ಟುಕೊಳ್ಳಿ. ಅದರಲ್ಲಿ 15 ದಿನವನ್ನು ಗಂಟೆಗಳಾಗಿ ಒಡೆದು ಬಳಸಲು ಕೇಳಬಹುದು, ಐದು ದಿನ ಕೈಯಲ್ಲಿರಲಿ. ಆಗ ಸಂಬಳ ಕಡಿತವಾಗುವುದು 12 ದಿನಕ್ಕೆ ಮಾತ್ರ. ಒಂದು ದಿನದ ಸಂಬಳವನ್ನು ಕೆಲವು ಕಂಪನಿಗಳು ತಿಂಗಳ ಸಂಬಳವನ್ನು 30ರಿಂದ ಭಾಗಿಸಿ ತೆಗೆಯುತ್ತವೆ, ಕೆಲವು 26ರಿಂದ. ಮೊದಲ ಲೆಕ್ಕದಲ್ಲಿ ಹೋಗುವುದು 14,400 ರೂಪಾಯಿ, ಎರಡನೆಯದರಲ್ಲಿ 16,600ಕ್ಕೂ ಹೆಚ್ಚು. ಯಾವ ಲೆಕ್ಕ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು.

"ನನ್ನ ಸಂಬಳವನ್ನು ಅದಕ್ಕೆ ತಕ್ಕಂತೆ ಕಡಿಮೆ ಮಾಡಬಹುದು" ಎಂದು ಒಳ್ಳೆಯ ಮನಸ್ಸಿನಿಂದ ಬರೆದುಬಿಡುವವರಿದ್ದಾರೆ. ಈ ಸಾಲು ಅಪಾಯದ್ದು. ಎಚ್‌ಆರ್ ಅದನ್ನು ಸಂಬಳ ಪರಿಷ್ಕರಣೆ ಎಂದು ತೆಗೆದುಕೊಂಡು ಮೂಲವೇತನವನ್ನೇ 18,000ದಿಂದ 11,250ಕ್ಕೆ ಇಳಿಸಬಹುದು. ಗ್ರಾಚ್ಯುಟಿಯ ಲೆಕ್ಕ ನಿಂತಿರುವುದು ಕೊನೆಯದಾಗಿ ಪಡೆದ ವೇತನದ ಮೇಲೆ: ಆ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಬೇಕು. ತಾಯಿಯ ಸ್ಥಿತಿ ಬಿಗಡಾಯಿಸಿ ಆಕೆ ಆ ಹನ್ನೆರಡು ವಾರದೊಳಗೇ ಕೆಲಸ ಬಿಡಬೇಕಾಗಿ ಬಂದರೆ, ಹನ್ನೊಂದು ವರ್ಷದ ಗ್ರಾಚ್ಯುಟಿ ಸುಮಾರು 1,14,200 ರೂಪಾಯಿಯಿಂದ 71,400ಕ್ಕೆ ಕುಸಿಯುತ್ತದೆ. ಅಂಗವಿಕಲತೆಯಿಂದ ಸಂಬಳ ಇಳಿದವರಿಗೆ ಹಳೆಯ ವರ್ಷಗಳನ್ನು ಹಳೆಯ ವೇತನದಲ್ಲೇ ಎಣಿಸುವ ರಕ್ಷಣೆ ಕಾನೂನಿನಲ್ಲಿದೆ. ಹೆತ್ತವರ ಆರೈಕೆಗಾಗಿ ಇಳಿಸಿಕೊಂಡವರಿಗೆ ಅದು ಇಲ್ಲ, ಇದು ಅನ್ಯಾಯವೇ. ಅದಕ್ಕೇ ಅರ್ಜಿಯಲ್ಲಿ ಬರೆಯಬೇಕಾದ್ದು ಹೀಗೆ: "ಮೂಲವೇತನ ಮತ್ತು ಹುದ್ದೆಯಲ್ಲಿ ಬದಲಾವಣೆ ಇರುವುದಿಲ್ಲ. ರಜೆಗೆ ಹೊಂದದ ಗಂಟೆಗಳನ್ನು ಮಾತ್ರ ಸಂಬಳರಹಿತ ಎಂದು ಪರಿಗಣಿಸಬೇಕು. ಸೇವೆ ನಿರಂತರವೆಂದು ಎಣಿಸಬೇಕು."

ಅನುಮತಿ ಸಿಕ್ಕ ಮೇಲೂ ಒಂದು ಕಡೆ ಗಮನವಿಡಬೇಕು, ಬೆರಳೊತ್ತುವ ಹಾಜರಿ ಯಂತ್ರದ ಮೇಲೆ. ಐದು ಗಂಟೆಯ ಹಾಜರಿಯನ್ನು ಅರ್ಧ ದಿನವೆಂದು ದಾಖಲಿಸುವಂತೆ ಅದನ್ನು ಹೊಂದಿಸಿರುವ ಕಚೇರಿಗಳಿವೆ. ಆಕೆ ಬರದಿದ್ದುದು ಮೂರು ಗಂಟೆ, ಕಡಿತವಾಗುವುದು ನಾಲ್ಕು ಗಂಟೆಯ ಸಂಬಳ. 72 ದಿನದಲ್ಲಿ ಹೀಗೆ ಸುಮ್ಮನೆ ಹೋಗುವುದು ಒಂಬತ್ತು ದಿನದ ದುಡಿಮೆ. ಇದರಲ್ಲಿ ಯಾರ ಕೆಟ್ಟ ಬುದ್ಧಿಯೂ ಇರಬೇಕಿಲ್ಲ. ಸಾಫ್ಟ್‌ವೇರಿನಲ್ಲಿ ಆಕೆಯ ಪಾಳಿಯನ್ನು ಐದು ಗಂಟೆಗೆ ಬದಲಿಸಲು ಯಾರಾದರೂ ಮರೆತರೆ ಸಾಕು.

ಬಾಯಿಮಾತಿನ "ಆಯ್ತಮ್ಮ, ಬಾ" ಎಂಬ ಒಪ್ಪಿಗೆ ಆ ಮ್ಯಾನೇಜರು ಅದೇ ಕುರ್ಚಿಯಲ್ಲಿ ಇರುವವರೆಗೆ ಮಾತ್ರ. ದಿನಾಂಕ, ಗಂಟೆ, ಮೂಲವೇತನ, ಮರಳುವ ದಿನ, ಈ ನಾಲ್ಕೂ ಇರುವ ಇಮೇಲ್ ಉತ್ತರ ಬಂದ ಮೇಲೆಯೇ ಹೊಸ ವೇಳೆಗೆ ಹೋಗುವುದು ಕ್ಷೇಮ. ಉತ್ತರ ಬಾರದಿದ್ದರೆ, "ನಿನ್ನೆ ತಾವು ಹೇಳಿದಂತೆ" ಎಂದು ಶುರುಮಾಡಿ ತಾವೇ ಒಂದು ಇಮೇಲ್ ಕಳಿಸಿಡಬಹುದು.

ಜುಲೈ ತಿಂಗಳ ಸಂಬಳದ ಚೀಟಿ ಕೈಗೆ ಬಂದಾಗ ಎರಡು ಅಂಕಣ ನೋಡಬೇಕು. ನಿಗದಿತ ಮೂಲವೇತನದ ಎದುರು 18,000 ಹಾಗೆಯೇ ಇದೆಯೇ? ಸಂಬಳರಹಿತ ದಿನಗಳ ಎದುರು ಇರುವ ಸಂಖ್ಯೆ ತಾನು ಬರೆದಿಟ್ಟುಕೊಂಡ ಲೆಕ್ಕಕ್ಕೆ ಹೊಂದುತ್ತದೆಯೇ? ತಪ್ಪಿದ್ದರೆ ಅದೇ ವಾರ ಕೇಳಬೇಕು. ಎಕ್ಸ್‌ರೇ ದಿನಕ್ಕೆ ಮುಂಚೆಯೇ ಅದು ಸರಿಹೋದರೆ, ಮುಂದಿನ ಆರು ವಾರದ ಮಾತುಕತೆಗೆ ಆಕೆ ಅಮ್ಮನ ನಡಿಗೆಯ ವಿಚಾರವೊಂದನ್ನೇ ಹಿಡಿದು ಕೂರಬಹುದು.